ಹಿರಿಯರ ಬೀಳ್ಕೊಡುಗೆಗೆ ಐದು ನಿಮಿಷದ ಮಾತು

ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು 36 ವರ್ಷ 4 ತಿಂಗಳ ಸೇವೆ ಮುಗಿಸಿ ನಿವೃತ್ತರಾಗುವುದಕ್ಕೆ ಹತ್ತು ದಿನಗಳಿರುವಾಗ, ಬೀಳ್ಕೊಡುಗೆ ಸಮಾರಂಭದಲ್ಲಿ ವಿಭಾಗದ ಪರವಾಗಿ ಮಾತನಾಡಬೇಕೆಂದು ನನಗೆ ತಿಳಿಸಲಾಯಿತು. ಅವರೊಂದಿಗೆ ಹನ್ನೊಂದು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡಿದ್ದೆನಾದ್ದರಿಂದ ಮಾತಿಗೆ ಬರವಿಲ್ಲವೆಂದು ಭಾವಿಸಿ, ಅದೇ ರಾತ್ರಿ ಕುಳಿತು ಒಂದೇ ಪಟ್ಟಿಗೆ ನಾಲ್ಕು ಪುಟ ಬರೆದುಬಿಟ್ಟೆ. ಮರುದಿನ ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಎಲ್ಲ ವಾಕ್ಯಗಳೂ ಶುದ್ಧವಾಗಿದ್ದವು, ಗೌರವಕ್ಕೂ ಕೊರತೆಯಿರಲಿಲ್ಲ; ಆದರೆ ಅದು ಬೀಳ್ಕೊಡುಗೆಯ ಮಾತಿನ ಹಾಗೆ ಕೇಳಿಸದೆ ಶ್ರದ್ಧಾಂಜಲಿಯ ಹಾಗೆ ಕೇಳಿಸುತ್ತಿತ್ತು.

ಹಾಗೇಕೆ ಕೇಳಿಸುತ್ತಿದೆ ಎಂದು ಸಾಲು ಸಾಲಾಗಿ ಹುಡುಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕ್ರಿಯಾಪದಗಳು. 'ಅವರು ಸರಳ ಸ್ವಭಾವದವರಾಗಿದ್ದರು', 'ಎಲ್ಲರನ್ನೂ ಪ್ರೀತಿಯಿಂದ ಕಾಣುತ್ತಿದ್ದರು', 'ಕಿರಿಯರಿಗೆ ಮಾರ್ಗದರ್ಶಕರಾಗಿದ್ದರು' ಎಂದು ಆರಂಭದಿಂದ ಕೊನೆಯವರೆಗೆ ಭೂತಕಾಲವೇ ತುಂಬಿತ್ತು. ಮುಂದಿನ ಸಾಲಿನಲ್ಲಿ ಆರೋಗ್ಯವಾಗಿ ನಗುತ್ತಾ ಕುಳಿತಿರುವ ವ್ಯಕ್ತಿಯನ್ನು ಕುರಿತು 'ಸರಳರಾಗಿದ್ದರು' ಎನ್ನುವುದು ವ್ಯಾಕರಣದ ದೃಷ್ಟಿಯಿಂದ ತಪ್ಪಲ್ಲದಿದ್ದರೂ ಕಿವಿಗೆ ಅಪಶಕುನದಂತೆ ತಟ್ಟುತ್ತದೆ. ಮುಗಿಯುವುದು ಅವರ ಸೇವೆ ಮಾತ್ರ, ಸ್ವಭಾವ ಮುಗಿಯುವುದಿಲ್ಲ. ಆದ್ದರಿಂದ ಸ್ವಭಾವವನ್ನು ಹೇಳುವ ವಾಕ್ಯಗಳನ್ನೆಲ್ಲ ವರ್ತಮಾನಕ್ಕೆ ತಂದು, ನಡೆದುಹೋದ ಘಟನೆಗಳಿಗೆ ಮಾತ್ರ ಭೂತಕಾಲವನ್ನು ಉಳಿಸಿಕೊಂಡೆ. ಇಷ್ಟು ತಿದ್ದಿದ ಕೂಡಲೇ ಬರಹದ ಮೇಲೆ ಕವಿದಿದ್ದ ಮಂಕು ಅರ್ಧದಷ್ಟು ಕಳೆಯಿತು.

ಉಳಿದರ್ಧಕ್ಕೆ ಕಾರಣ ನಮ್ಮ ನಾಲಿಗೆಯ ತುದಿಯಲ್ಲೇ ಇರುವ ಸಿದ್ಧ ನುಡಿಗಳು. 'ತುಂಬಲಾರದ ನಷ್ಟ' ಎಂಬುದನ್ನು ನಾವು ಸಂತಾಪ ಸಭೆಗಳಲ್ಲಿಯೂ ಆಡುತ್ತೇವೆ, ನಿವೃತ್ತಿಯ ಸಭೆಗಳಲ್ಲಿಯೂ ಆಡುತ್ತೇವೆ, ಹಾಗಾಗಿ ಅದು ಎಲ್ಲಿಯೇ ಬಂದರೂ ಸಂತಾಪದ ಛಾಯೆಯನ್ನು ಹೊತ್ತೇ ಬರುತ್ತದೆ. 'ಅವರ ಸ್ಥಾನವನ್ನು ಯಾರೂ ತುಂಬಲಾರರು' ಎಂಬ ಇನ್ನೊಂದು ವಾಕ್ಯವನ್ನು ನಾನು ಬೇರೊಂದು ಕಾರಣಕ್ಕೂ ತೆಗೆದುಹಾಕಬೇಕಾಯಿತು. ಅವರ ಜಾಗಕ್ಕೆ ನಿಯುಕ್ತರಾಗಿದ್ದ ಸಹೋದ್ಯೋಗಿ ಅದೇ ಸಭೆಯಲ್ಲಿ ಕುಳಿತಿರುತ್ತಾರೆ. ನಾಳೆ ಬೆಳಿಗ್ಗೆ ಆ ಮೇಜಿನ ಮುಂದೆ ಕೂರಬೇಕಾದವರಿಗೆ ಎಲ್ಲರ ಎದುರಿನಲ್ಲಿ 'ನಿಮ್ಮಿಂದ ಇದು ಆಗದು' ಎಂದು ಹೇಳಿದಂತಾಗುತ್ತದೆ. ಹೊಗಳಿಕೆ ಒಬ್ಬರಿಗೆ ಸಲ್ಲುವಾಗ ಇನ್ನೊಬ್ಬರಿಗೆ ನೋವಾಗಬಾರದೆಂಬುದನ್ನು ನಮ್ಮ ಹಿರಿಯರೇ ಮೊದಲು ಒಪ್ಪುತ್ತಿದ್ದರು.

ಇಷ್ಟೆಲ್ಲ ತೆಗೆದ ಮೇಲೆ ಉಳಿದದ್ದು ವಿಶೇಷಣಗಳ ಸಾಲು: ಮಿತಭಾಷಿ, ಸಜ್ಜನ, ಕರ್ತವ್ಯನಿಷ್ಠ, ಅಜಾತಶತ್ರು. ಹಿಂದಿನ ವರ್ಷ ನಿವೃತ್ತರಾದ ಇನ್ನೊಬ್ಬರ ಹೆಸರನ್ನು ಅದೇ ಪುಟದಲ್ಲಿಟ್ಟು ಓದಿ ನೋಡಿದೆ. ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿರಲಿಲ್ಲ. ಆ ನಾಲ್ಕು ಪುಟಗಳನ್ನು ಪೂರ್ತಿಯಾಗಿ ಬದಿಗಿಟ್ಟು ಸಹೋದ್ಯೋಗಿಗಳ ಬಳಿಗೆ ಹೋದೆ.

ಮೊದಲ ದಿನ ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. 'ಅವರ ಬಗ್ಗೆ ನಿಮ್ಮ ಅಭಿಪ್ರಾಯವೇನು' ಎಂದು ಕೇಳಿದರೆ ಎಲ್ಲರೂ ನಾನು ಬಿಸಾಡಿದ ವಿಶೇಷಣಗಳನ್ನೇ ಮರಳಿ ನನ್ನ ಕೈಗಿತ್ತರು. ಮರುದಿನ ಪ್ರಶ್ನೆಯನ್ನು ಬದಲಾಯಿಸಿ, 'ಅವರು ನಿಮ್ಮ ಮೇಜಿನ ಬಳಿ ಬಂದು ನಿಂತ ಯಾವುದಾದರೂ ಒಂದು ದಿನವನ್ನು ನೆನಪಿಸಿಕೊಳ್ಳಿ, ಅಂದು ಅವರು ಏನು ಮಾಡಿದರು' ಎಂದು ಕೇಳತೊಡಗಿದೆ. ಆಗ ಜನ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ದನಿ ತಗ್ಗಿಸಿ ಹೇಳತೊಡಗಿದರು. ಐವರಿಂದ ಕೇಳಿದ ಐದು ಸಂಗತಿಗಳಲ್ಲಿ ಒಂದೇ ವಸ್ತು ಮತ್ತೆ ಮತ್ತೆ ಬಂತು: ಪೆನ್ಸಿಲಿನ ಒಂದು ಸಣ್ಣ ಚುಕ್ಕಿ.

ಅವರು ಲೆಕ್ಕವನ್ನು ಪರಿಶೀಲಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪುಟದ ಮೇಲೆ ಮರದ ಅಡಿಪಟ್ಟಿಯೊಂದನ್ನು ಅಡ್ಡಲಾಗಿಟ್ಟು, ಒಂದೊಂದೇ ಸಾಲನ್ನು ಕೆಳಗಿಳಿಸುತ್ತಾ, ಬಲಗೈಯ ಪೆನ್ಸಿಲನ್ನು ಅಂಕಿಯ ಮೇಲೆ ತಾಗಿಯೂ ತಾಗದಂತೆ ಹಿಡಿದು ಸಾಗುತ್ತಾರೆ. ತಪ್ಪು ಕಂಡರೆ ಅದನ್ನು ಸುತ್ತುಹಾಕುವುದಿಲ್ಲ, ಅಡಿಗೆರೆ ಎಳೆಯುವುದಿಲ್ಲ, ಕೆಂಪು ಶಾಯಿಯನ್ನಂತೂ ಮುಟ್ಟುವುದೇ ಇಲ್ಲ. ಆ ಸಾಲಿನ ಎಡಬದಿಯ ಅಂಚಿನಲ್ಲಿ, ಬರೆದವರಿಗೆ ಮಾತ್ರ ಕಾಣುವಷ್ಟು ಚಿಕ್ಕದಾದ ಒಂದು ಚುಕ್ಕಿಯನ್ನಿಟ್ಟು ಕಡತವನ್ನು ಹಿಂದಿರುಗಿಸುತ್ತಾರೆ. ತಿದ್ದಿದ ಮೇಲೆ ಚುಕ್ಕಿಯನ್ನು ರಬ್ಬರಿನಿಂದ ಅಳಿಸಿಬಿಡಬೇಕು. ಆಮೇಲೆ ಆ ಕಡತ ಯಾರ ಕೈಗೆ ಹೋದರೂ ಅಲ್ಲೊಂದು ತಪ್ಪಿತ್ತೆಂಬುದು ತಿಳಿಯುವುದಿಲ್ಲ. ನಾನು ಹನ್ನೊಂದು ವರ್ಷ ಅದು ನನ್ನೊಬ್ಬನ ಮೇಲೆ ತೋರಿದ ದಾಕ್ಷಿಣ್ಯವೆಂದೇ ತಿಳಿದಿದ್ದೆ. ಉಳಿದ ಐವರೂ ಹಾಗೆಯೇ ತಿಳಿದಿದ್ದರು, ಮತ್ತು ಅದೇ ಕಾರಣಕ್ಕೆ ಯಾರೂ ಯಾರಿಗೂ ಹೇಳಿರಲಿಲ್ಲ. ಇದು ತಿಳಿದ ಸಂಜೆಯೇ ನನ್ನ ಮಾತಿನ ನಡುವಿನ ಭಾಗ ಸಿದ್ಧವಾಯಿತು.

ಗೌರವ ಮತ್ತು ಆತ್ಮೀಯತೆಗೆ ನೆಲೆ ಸಿಕ್ಕಿತೆಂದಾದ ಮೇಲೆ ಉಳಿದದ್ದು ನಗು. ನನಗೆ ಹೆಚ್ಚು ಭಯವಿದ್ದದ್ದೂ ಅದರ ಬಗ್ಗೆಯೇ. ಹಿಂದೊಮ್ಮೆ ಬೇರೊಂದು ಬೀಳ್ಕೊಡುಗೆಯಲ್ಲಿ ಭಾಷಣಕಾರರೊಬ್ಬರು ನಿವೃತ್ತರಾಗುವವರು ದಿನವೂ ತಡವಾಗಿ ಬರುತ್ತಿದ್ದುದನ್ನು ನೆನೆದು ನಗಿಸಲು ಹೊರಟಾಗ, ಸಭೆಯೇನೋ ನಕ್ಕಿತು. ಆದರೆ ಮುಂದಿನ ಸಾಲಿನಲ್ಲಿದ್ದ ಅವರ ಮನೆಯವರ ಮುಖ ಬಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಚೇರಿಯವರಿಗೆ ಅದು ಹಳೆಯ ತಮಾಷೆ, ಮನೆಯವರಿಗೆ ಹೊಸ ಆರೋಪ.

ನನ್ನ ಬಳಿ ಮೂರು ಪ್ರಸಂಗಗಳಿದ್ದವು. ಅವರು ದೂರವಾಣಿಯಲ್ಲಿ ಎತ್ತರದ ದನಿಯಲ್ಲಿ ಮಾತನಾಡುವುದು ಒಂದು. ಇತ್ತೀಚೆಗೆ ಅವರಿಗೆ ಕಿವಿ ಸ್ವಲ್ಪ ಮಂದವಾಗಿರಬಹುದೆಂಬ ಅನುಮಾನ ನನಗಿದ್ದುದರಿಂದ ಅದನ್ನು ಆ ಕ್ಷಣವೇ ಕೈಬಿಟ್ಟೆ. ಲೆಕ್ಕಗಳೆಲ್ಲ ಕಂಪ್ಯೂಟರಿಗೆ ಬಂದ ಮೊದಲ ತಿಂಗಳಲ್ಲಿ ಅವರು ಪಟ್ಟ ಪಾಡು ಇನ್ನೊಂದು. ಅದು ನಿಜಕ್ಕೂ ನಗು ತರಿಸುವಂಥದ್ದೇ. ಆದರೆ ವಯಸ್ಸಿನ ಕಾರಣಕ್ಕೆ ಕಚೇರಿ ಬಿಡುತ್ತಿರುವವರನ್ನು 'ಹೊಸ ಕಾಲಕ್ಕೆ ಹೊಂದಲು ಕಷ್ಟಪಟ್ಟವರು' ಎಂದು ಆ ದಿನವೇ ಚಿತ್ರಿಸುವುದು ಸಲ್ಲದು, ಜೊತೆಗೆ ಅವರು ಅದನ್ನು ಎಷ್ಟು ಶ್ರದ್ಧೆಯಿಂದ ಕಲಿತರೆಂಬುದು ನನಗೆ ಗೊತ್ತಿತ್ತು. ಮೂರನೆಯದು ಒಂಬತ್ತರ ಪ್ರಸಂಗ. ಅದನ್ನು ಉಳಿಸಿಕೊಂಡೆ, ಏಕೆಂದರೆ ಅಲ್ಲಿ ನಗು ಅವರ ಪಟ್ಟುಬಿಡದ ಅಭ್ಯಾಸದಿಂದ ಹುಟ್ಟಿ, ಕೊನೆಗೆ ಅವರ ಜಾಣ್ಮೆಯ ಬಳಿಗೇ ಹೋಗಿ ನಿಲ್ಲುತ್ತದೆ.

ಲೆಕ್ಕ ಬರೆಯುವವರಿಗೆ ಇದು ಪರಿಚಿತವಾದ ಸೂತ್ರ. ಎರಡು ಬದಿಯ ಮೊತ್ತಗಳು ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ನಾನು ಸೇರಿದ ಮೊದಲ ತಿಂಗಳಲ್ಲಿ 7,825 ಎಂದು ಬರೆಯಬೇಕಾದಲ್ಲಿ 7,285 ಎಂದು ಬರೆದು, 540ರ ವ್ಯತ್ಯಾಸವನ್ನು ಹುಡುಕುತ್ತಾ ಮಧ್ಯಾಹ್ನವಿಡೀ ಕಳೆದಿದ್ದೆ. ಅವರು ಬಂದು ಒಮ್ಮೆ ನೋಡಿ, 'ಒಂಬತ್ತರಿಂದ ಭಾಗಿಸಿ ನೋಡಿ' ಎಂದರು. ಅರವತ್ತು ಬಂತು. 'ಹಾಗಾದರೆ ಆರರ ಅಂತರವಿರುವ ಎರಡು ಅಂಕಿಗಳು ನೂರರ ಮತ್ತು ಹತ್ತರ ಸ್ಥಾನದಲ್ಲಿ ಜಾಗ ಬದಲಾಯಿಸಿಕೊಂಡಿವೆ, ಎರಡು ಮತ್ತು ಎಂಟು ಅಕ್ಕಪಕ್ಕ ಇರುವಲ್ಲಿ ಮೊದಲು ಹುಡುಕಿ' ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಎರಡು ನಿಮಿಷದಲ್ಲಿ ಸಿಕ್ಕಿತು. ಅಂದಿನಿಂದ ನಮ್ಮ ವಿಭಾಗದಲ್ಲಿ ಕನ್ನಡಕ ಕಳೆದರೂ ಬೀಗದಕೈ ಕಾಣದಿದ್ದರೂ 'ಒಂಬತ್ತರಿಂದ ಭಾಗಿಸಿ ನೋಡಿ' ಎನ್ನುವುದು ರೂಢಿಯಾಗಿದೆ, ಮತ್ತು ಅದನ್ನು ಕೇಳಿದಾಗಲೆಲ್ಲ ಅವರು ನಮಗಿಂತ ಮೊದಲೇ ನಗುತ್ತಾರೆ. ಯಾವ ತಮಾಷೆಗೆ ಅವರೇ ಮೊದಲು ನಗುತ್ತಾರೋ ಅದನ್ನು ಸಭೆಗೆ ಒಯ್ಯಲು ಅಡ್ಡಿಯಿಲ್ಲವೆಂದು ತೀರ್ಮಾನಿಸಿದೆ.

ಆದರೂ ಒಂದು ಮಾತು ಕೇಳಿಬಿಡೋಣವೆಂದು ಅವರ ಮಗಳಿಗೆ ದೂರವಾಣಿ ಮಾಡಿದೆ. ಆ ಹತ್ತು ನಿಮಿಷಗಳ ಸಂಭಾಷಣೆ ನನ್ನ ಇಡೀ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು. ಒಂಬತ್ತರ ವಿಷಯ ಎತ್ತಿದ ಕೂಡಲೇ ಅವರು ನಕ್ಕು, ಮನೆಯ ಖರ್ಚಿನ ಪುಸ್ತಕದಲ್ಲಿಯೂ ಅಪ್ಪ ಇದನ್ನೇ ಮಾಡುತ್ತಾರೆಂದರು. ಅಂದರೆ ಮನೆಯವರೂ ಕಚೇರಿಯವರೂ ಒಟ್ಟಿಗೆ ನಗಬಲ್ಲ ಪ್ರಸಂಗ ಅದಾಗಿತ್ತು. ಆಮೇಲೆ, 'ಹೇಳಬಾರದೆಂದು ನಿಮಗೆ ಅನ್ನಿಸುವ ವಿಷಯ ಏನಾದರೂ ಇದೆಯೇ' ಎಂದು ಕೇಳಿದೆ. ಅವರು ಒಂದು ಕ್ಷಣ ತಡೆದು, 'ಮೂರು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲದೆ ರಜೆ ಹಾಕಿದ್ದರಲ್ಲ, ಅದನ್ನು ಎತ್ತಬೇಡಿ, ಅಮ್ಮನಿಗೆ ಅದನ್ನು ಈಗಲೂ ಕೇಳಲಾಗುವುದಿಲ್ಲ' ಎಂದರು. ನನ್ನ ಕರಡಿನಲ್ಲಿ, ಆ ಕಾಯಿಲೆಯಿಂದ ಎದ್ದು ಬಂದು ಅವರು ವರ್ಷಾಂತ್ಯದ ಲೆಕ್ಕ ಮುಗಿಸಿಕೊಟ್ಟದ್ದನ್ನು ಕೊಂಡಾಡುವ ಒಂದು ಇಡೀ ಕಂಡಿಕೆಯಿತ್ತು. ಅದನ್ನು ನಾನು ಹೆಮ್ಮೆಯಿಂದ ಬರೆದಿದ್ದೆ. ಕೇಳದೆ ಹೋಗಿದ್ದರೆ ಅವರ ಮನೆಯವರ ಎದುರಿನಲ್ಲಿಯೇ ಓದಿಬಿಡುತ್ತಿದ್ದೆ.

ಇನ್ನು ಅಳತೆಯ ವಿಷಯ. ನಾನು ನಿಧಾನವಾಗಿ, ಸಭೆಗೆ ಕೇಳುವಂತೆ ಓದಿದರೆ ನಿಮಿಷಕ್ಕೆ ಸುಮಾರು 95 ಪದಗಳಾಗುತ್ತವೆಂದು ಗಡಿಯಾರವಿಟ್ಟು ನೋಡಿಕೊಂಡೆ. ಮೊದಲ ಕರಡು 1,150 ಪದಗಳಷ್ಟಿತ್ತು, ಅಂದರೆ ಹನ್ನೆರಡು ನಿಮಿಷ. ಐವರು ಮಾತನಾಡುವ ಸಭೆಯಲ್ಲಿ ಒಬ್ಬೊಬ್ಬರೂ ಹನ್ನೆರಡು ನಿಮಿಷ ತೆಗೆದುಕೊಂಡರೆ, ಮಾತನಾಡಲೇಬೇಕಾದ ವ್ಯಕ್ತಿ, ಅಂದರೆ ನಿವೃತ್ತರಾಗುವವರು, ಎದ್ದು ನಿಲ್ಲುವ ಹೊತ್ತಿಗೆ ಕೇಳುವವರು ದಣಿದಿರುತ್ತಾರೆ. ಕೊನೆಯ ಕರಡನ್ನು 480 ಪದಗಳಿಗೆ ಇಳಿಸಿದೆ. ಓದಲು ಐದು ನಿಮಿಷ, ನಗುವಿಗೆ ಮತ್ತು ಮೌನಕ್ಕೆ ಇನ್ನೊಂದು ನಿಮಿಷ. ಒಂಬತ್ತರ ಸೂತ್ರದ ವಿವರಣೆ ಮೊದಲು ಅರ್ಧ ಪುಟವಿತ್ತು. ಲೆಕ್ಕ ಬಾರದವರೂ ಸಭೆಯಲ್ಲಿರುವುದರಿಂದ ಅದನ್ನು ಎರಡೇ ವಾಕ್ಯಗಳಿಗೆ ತಂದೆ, ಅರವತ್ತು, ಆರು, ನೂರರ ಸ್ಥಾನ ಎಲ್ಲವೂ ಹೋದವು. ವಿವರಣೆ ಉದ್ದವಾದಷ್ಟೂ ನಗು ದೂರ ಸರಿಯುತ್ತದೆ.

ಕ್ರಮವನ್ನೂ ಬದಲಾಯಿಸಬೇಕಾಯಿತು. ಮೊದಲು ಚುಕ್ಕಿಯ ಪ್ರಸಂಗವನ್ನು ಕೊನೆಗೆ ಇಟ್ಟಿದ್ದೆ. ಮನೆಯಲ್ಲಿ ನಿಂತುಕೊಂಡು ಓದಿ ಅಭ್ಯಾಸ ಮಾಡುವಾಗ ಮೂರು ಸಲವೂ ಅದೇ ವಾಕ್ಯದಲ್ಲಿ ಗಂಟಲು ಕಟ್ಟಿತು, ಆಮೇಲೆ ಹೇಳಬೇಕಾದ ಶುಭಾಶಯದ ಮಾತು ಸ್ಪಷ್ಟವಾಗಿ ಹೊರಡಲಿಲ್ಲ. ಆದ್ದರಿಂದ ಚುಕ್ಕಿಯನ್ನು ನಡುವಿಗೆ ತಂದು, ಒಂಬತ್ತನ್ನು ಕೊನೆಗೆ ಒಯ್ದೆ. ದನಿ ನಡುಗಿದರೂ ನಂತರದ ನಗು ಅದನ್ನು ಸರಿಪಡಿಸಿಕೊಳ್ಳಲು ಸಮಯ ಕೊಡುತ್ತದೆ. ಇನ್ನೊಂದು ತೊಡಕು ಸಂಬೋಧನೆಯದು. ಒಮ್ಮೆ ಸಭೆಯ ಕಡೆಗೆ 'ಅವರು' ಎಂದೂ, ಮರುಕ್ಷಣವೇ ಅವರ ಕಡೆಗೆ 'ನೀವು' ಎಂದೂ ಹೊರಳುತ್ತಿದ್ದರೆ ಮಾತು ಯಾರಿಗೆಂದು ತಿಳಿಯುವುದಿಲ್ಲ. ಕೊನೆಯ ಭಾಗದವರೆಗೂ 'ಅವರು' ಎಂದೇ ಹೇಳಿ, ಅಲ್ಲಿಂದ ಒಂದೇ ಬಾರಿಗೆ ಅವರತ್ತ ತಿರುಗಿ 'ಸರ್, ನೀವು' ಎನ್ನುವುದೆಂದು ನಿಶ್ಚಯಿಸಿ, ತಿರುಗಬೇಕಾದ ಜಾಗದಲ್ಲಿ ಅಡ್ಡಗೆರೆ ಎಳೆದುಕೊಂಡೆ. ದಪ್ಪ ಅಕ್ಷರಗಳಲ್ಲಿ ನಾಲ್ಕು ಅರ್ಧ ಹಾಳೆಗಳಿಗೆ ಇಳಿಸಿ, ಪ್ರತಿ ಹಾಳೆಯೂ ಪೂರ್ಣ ವಾಕ್ಯದಲ್ಲಿಯೇ ಮುಗಿಯುವಂತೆ ನೋಡಿಕೊಂಡೆ. ಹೊತ್ತು ಮೀರಿದರೆ ಬಿಟ್ಟುಬಿಡಬಹುದಾದ ಒಂದು ಕಂಡಿಕೆಗೆ ಮೊದಲೇ ಆವರಣ ಹಾಕಿಟ್ಟೆ.

ಆ ಆವರಣ ಉಪಯೋಗಕ್ಕೆ ಬಂತು. ನಾನು ಮೂರನೆಯವನಾಗಿ ಮಾತನಾಡಬೇಕಿತ್ತು. ನನಗಿಂತ ಮೊದಲಿನ ಇಬ್ಬರು ತಮ್ಮ ಸಮಯವನ್ನು ಸಾಕಷ್ಟು ದಾಟಿದ್ದರಿಂದ, ನಿರೂಪಕರು ನನ್ನ ಬಳಿ ಬಗ್ಗಿ 'ಸ್ವಲ್ಪ ಮೊಟಕುಗೊಳಿಸಿ' ಎಂದು ಪಿಸುಗುಟ್ಟಿದರು. ವೇದಿಕೆಯ ಗಣ್ಯರ ಹೆಸರುಗಳನ್ನು ಅಷ್ಟರಲ್ಲಿ ಎರಡು ಬಾರಿ ಹೇಳಿಯಾಗಿತ್ತು, ಹಾಗಾಗಿ ಎಲ್ಲರಿಗೂ ಒಂದೇ ವಾಕ್ಯದಲ್ಲಿ ವಂದಿಸಿ ನೇರವಾಗಿ ಅಡಿಪಟ್ಟಿ ಮತ್ತು ಪೆನ್ಸಿಲಿನಿಂದ ಆರಂಭಿಸಿದೆ. ಚುಕ್ಕಿಯ ಭಾಗವನ್ನು ನಾನು ಓದಿದ್ದು ಹೀಗೆ:

'ಈ ಹನ್ನೊಂದು ವರ್ಷಗಳಲ್ಲಿ ನನ್ನ ಕಡತಗಳಲ್ಲಿ ಎಷ್ಟು ತಪ್ಪುಗಳಿದ್ದವೆಂಬುದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅವರು ಚುಕ್ಕಿ ಇಟ್ಟರು, ನಾನು ಅಳಿಸಿದೆ. ಕಳೆದ ವಾರ ವಿಚಾರಿಸಿದಾಗ ನಮ್ಮ ವಿಭಾಗದಲ್ಲಿ ಇನ್ನೂ ಐದು ಜನ ಇದೇ ಗುಟ್ಟನ್ನು ಕಾಪಾಡಿಕೊಂಡು ಬಂದಿರುವುದು ತಿಳಿಯಿತು. ನಮ್ಮೆಲ್ಲರ ತಪ್ಪುಗಳನ್ನೂ ಅವರು ಕಂಡಿದ್ದಾರೆ; ಒಬ್ಬರ ತಪ್ಪನ್ನು ಇನ್ನೊಬ್ಬರಿಗೆ ಕಾಣಿಸಿಲ್ಲ.'

ಸಭೆಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಕುಳಿತಿದ್ದ ಐವರೂ ಒಬ್ಬರನ್ನೊಬ್ಬರು ತಿರುಗಿ ನೋಡಿಕೊಂಡರು. ನಾನು ಮಾತನ್ನು ನಿಲ್ಲಿಸಿ ನಾಲ್ಕೈದು ಕ್ಷಣ ಕಾದೆ. ಆ ಮೌನವನ್ನು ನಾನು ಅಂಚಿನಲ್ಲಿ ಗುರುತು ಹಾಕಿಕೊಂಡಿರಲಿಲ್ಲ, ಅದು ತಾನಾಗಿಯೇ ಬಂತು. ನಂತರ ಒಂಬತ್ತರ ಪ್ರಸಂಗ ಹೇಳಿ, ಅಡ್ಡಗೆರೆಯ ಬಳಿ ಅವರತ್ತ ತಿರುಗಿದೆ.

'ಸರ್, ನಿಮ್ಮ ಸೇವೆಯ ಅವಧಿಯನ್ನೂ ನೀವು ಕಲಿಸಿದಂತೆಯೇ ಪರಿಶೀಲಿಸಿದೆ. ಒಟ್ಟು 36 ವರ್ಷ 4 ತಿಂಗಳು. ನಾಲ್ಕು ತಿಂಗಳನ್ನು ಸದ್ಯಕ್ಕೆ ಬದಿಗಿಡೋಣ.'

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವರ ದನಿ ಕೇಳಿಸಿತು: 'ಬದಿಗಿಡಬೇಡಿ, ನಮೂದಿಸಿ.'

ನಾನು ಬರೆದುಕೊಂಡಿದ್ದ ಯಾವ ವಾಕ್ಯಕ್ಕೂ ಸಿಗದಷ್ಟು ನಗು ಆ ಎರಡು ಪದಗಳಿಗೆ ಸಿಕ್ಕಿತು. ಅವರ ಪತ್ನಿಯಂತೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನಗು ಪೂರ್ತಿ ಇಳಿಯುವವರೆಗೆ ಕಾದು, 'ನಮೂದಿಸಿದೆ ಸರ್' ಎಂದು ಹೇಳಿ ಮುಂದುವರಿಸಿದೆ: 'ಆದರೆ ನಮ್ಮ ವಿಭಾಗಕ್ಕೆ ಈ 36 ಎಂಬ ಅಂಕಿ ತಾಳೆಯಾಗುತ್ತಿಲ್ಲ. ಅದು 63 ಇರಬೇಕಿತ್ತೆಂದು ನಮಗೆಲ್ಲ ಅನಿಸುತ್ತದೆ. ವ್ಯತ್ಯಾಸ 27. ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಎಲ್ಲೋ ಅಂಕಿಗಳು ಅದಲುಬದಲಾಗಿವೆ ಸರ್, ದಯವಿಟ್ಟು ಇನ್ನೊಮ್ಮೆ ನೋಡಿ.' ಇದಾದ ಮೇಲೆ ಅವರಿಗೂ ಅವರ ಮನೆಯವರಿಗೂ ಶುಭ ಹಾರೈಸುವ ಎರಡು ವಾಕ್ಯಗಳು ಮಾತ್ರ ಉಳಿದಿದ್ದವು. ಅವರು ನಗುತ್ತಿದ್ದರು, ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತಲೂ ಇದ್ದರು. ಅದನ್ನು ಹೆಚ್ಚು ಹೊತ್ತು ನೋಡದೆ ನಾನು ಕೆಳಗಿಳಿದು ಬಂದೆ.

ಸಮಾರಂಭ ಮುಗಿದ ಮೇಲೆ ಅವರು ನನ್ನ ಹಾಳೆಗಳನ್ನು ಕೇಳಿ ಪಡೆದುಕೊಂಡರು. ಇಟ್ಟುಕೊಳ್ಳಲು ಕೇಳುತ್ತಿದ್ದಾರೆಂದು ಭಾವಿಸಿದ್ದೆ. ಆದರೆ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿರುವಾಗ ಅವರು ತಮ್ಮ ಮೇಜಿನ ಬಳಿ ನಿಂತು ನಾಲ್ಕೂ ಹಾಳೆಗಳನ್ನು ಮೆಲ್ಲಗೆ ಓದಿ, ಮಡಿಸಿ, ನನ್ನ ಕೈಗೇ ಹಿಂದಿರುಗಿಸಿ, 'ಚೆನ್ನಾಗಿದೆ, ಇದು ನಿಮ್ಮ ಬಳಿಯೇ ಇರಲಿ' ಎಂದರು. ಮನೆಗೆ ಬಂದು ಬಿಚ್ಚಿ ನೋಡಿದಾಗ, ಕೊನೆಯ ಹಾಳೆಯ ಕೊನೆಯ ಸಾಲಿನ ಎಡಬದಿಯ ಅಂಚಿನಲ್ಲಿ ಒಂದು ಪೆನ್ಸಿಲಿನ ಚುಕ್ಕಿಯಿತ್ತು. ಸಾಲನ್ನು ಎರಡು ಸಲ ಓದಿದ ಮೇಲೆ ತಿಳಿಯಿತು: 'ಹಾರ್ದಿಕ ಶುಭಾಶಯಗಳು' ಎಂದು ಬರೆಯಬೇಕಾದಲ್ಲಿ ಅಲ್ಪಪ್ರಾಣದ ಬದಲು ಮಹಾಪ್ರಾಣವಿಟ್ಟು 'ಹಾರ್ಧಿಕ' ಎಂದು ಬರೆದಿದ್ದೆ. ಆ ಅಕ್ಷರವನ್ನು ತಿದ್ದಿದೆ. ಚುಕ್ಕಿಯನ್ನು ಮಾತ್ರ ಈ ಬಾರಿ ಅಳಿಸಲಿಲ್ಲ.